138 ಕಟೌಟ್ ಚಿತ್ರ, ಒಂದು ಲಿಂಕ್: ಕ್ಲೈಂಟ್‌ಗೆ ಕಳಿಸುವ ಮೊದಲು ನಾನು ನೋಡಿಕೊಳ್ಳುವ ಪಟ್ಟಿ

ಕೆಲವು ವರ್ಷಗಳ ಹಿಂದೆ ಬೆತ್ತದ ಬುಟ್ಟಿಗಳ ಒಂದು ಕೆಲಸ ಮಾಡಿದ್ದೆ. ಫೋಟೋಗಳ ಬ್ಯಾಕ್‌ಗ್ರೌಂಡ್ ತೆಗೆದು ಕಟೌಟ್ ಮಾಡಿ ಕೊಡುವ ಕೆಲಸ. ಹೆಣಿಗೆಯ ಒಂದೊಂದು ತೂತನ್ನೂ ಬಿಡಿಸಿ ಕತ್ತರಿಸಿದ್ದೆ. ಕಳಿಸಿದ ಮಾರನೇ ದಿನ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಕ್ಲೈಂಟ್ ಕಡೆಯ ಹುಡುಗಿಯ ಫೋನ್ ಬಂತು.

"ಸರ್, ಚಿತ್ರ ಎಲ್ಲ ಚೆನ್ನಾಗಿದೆ. ಆದ್ರೆ ಯಾವ ಬುಟ್ಟಿ ಯಾವುದು ಅಂತಾನೇ ಗೊತ್ತಾಗ್ತಿಲ್ಲ."

ಗೊತ್ತಾಗುವುದಾದರೂ ಹೇಗೆ? ನಾನು ಕಳಿಸಿದ ಫೈಲುಗಳ ಹೆಸರು `final_1.png`, `final_2.png`, `final_new_3.png` ಅಂತ ಇತ್ತು. ಹದಿನಾಲ್ಕು ಬುಟ್ಟಿ, ಎಲ್ಲವೂ ಒಂದೇ ಬಣ್ಣ. ಒಂದು ಅಂಗುಲ ಆಚೀಚೆ ಅಷ್ಟೇ ವ್ಯತ್ಯಾಸ. ಮೂಲ ಫೋಟೋ ಒಂದೊಂದನ್ನೇ ತೆಗೆದು, ಪಕ್ಕದಲ್ಲಿಟ್ಟು ಹೋಲಿಸಿ, ಹೆಸರು ಬದಲಿಸುವುದಕ್ಕೆ ಒಂದೂವರೆ ದಿನ ಹಿಡಿಯಿತು. ಆ ಒಂದೂವರೆ ದಿನಕ್ಕೆ ಯಾರೂ ದುಡ್ಡು ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ.

ಆಮೇಲಿಂದ ನಾನು ಪಾಲಿಸುವ ಕ್ರಮ ಇದು. ಈಚಿನ ಒಂದು ಕೆಲಸವನ್ನೇ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. 20 ಬಗೆಯ ಅಡಿಕೆ ಹಾಳೆ ತಟ್ಟೆ, 14 ಬೆತ್ತದ ಬುಟ್ಟಿ, 12 ಮರದ ಸಾಮಾನು. ಮರದ್ದೆಂದರೆ ಸೌಟು, ಕಡಗೋಲು, ಮರಿಗೆ ಇಂಥವು. ಒಟ್ಟು 46 ಸಾಮಾನು. ಒಂದೊಂದಕ್ಕೆ ಮೂರು ನೋಟ: ಎದುರಿಂದ, ಮೇಲಿಂದ, ಪಕ್ಕದಿಂದ. ಅಲ್ಲಿಗೆ 138 ಚಿತ್ರ. ಕ್ಲೈಂಟ್ ಬೆಂಗಳೂರಿನಲ್ಲಿ ಕೂತು ಇವನ್ನು ಆನ್‌ಲೈನ್‌ನಲ್ಲಿ ಮಾರುವವರು.

ಕತ್ತರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ಹೆಸರು ಕೊನೆಯಲ್ಲಿ ಇಡುವಂಥದ್ದಲ್ಲ. ಮೊದಲ ಫೋಟೋ ತೆರೆಯುವ ಮುಂಚೆಯೇ ಅದು ತೀರ್ಮಾನ ಆಗಿರಬೇಕು. ನಾನು ಕ್ಲೈಂಟ್‌ಗೆ ನಾಲ್ಕು ಪ್ರಶ್ನೆ ಕಳಿಸುತ್ತೇನೆ. ನಿಮ್ಮ ಸಾಮಾನುಗಳ ಕೋಡ್ ಇರುವ ಎಕ್ಸೆಲ್ ಪಟ್ಟಿ ಕೊಡ್ತೀರಾ? ಚಿತ್ರ ಎಲ್ಲಿ ಬಳಸ್ತೀರಿ, ವೆಬ್‌ಸೈಟಿಗೋ, ಬ್ಯಾನರಿಗೋ, ಅಚ್ಚಿಗೋ? ಚಿತ್ರದ ಅಳತೆ ಎಷ್ಟು ಪಿಕ್ಸೆಲ್ ಬೇಕು? ಲೇಯರ್ ಇರುವ ಪಿಎಸ್‌ಡಿ ಬೇಕಾ?

ಕೊನೆಯ ಪ್ರಶ್ನೆಯನ್ನು ಮುಂಚೆಯೇ ಕೇಳುವುದಕ್ಕೆ ನನ್ನದೇ ಸ್ವಾರ್ಥ ಇದೆ. ಈ ಕೆಲಸದಲ್ಲಿ ನನ್ನ ಪಿಎಸ್‌ಡಿ ಒಂದೊಂದೂ ಸುಮಾರು 90 ಎಂಬಿ ಇತ್ತು. 138 ಸೇರಿದರೆ 12 ಜಿಬಿಗೂ ಜಾಸ್ತಿ. ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಅಪ್‌ಲೋಡ್ ವೇಗ 2 ಎಂಬಿಪಿಎಸ್ ಸಿಕ್ಕರೆ ಅದೇ ದೊಡ್ಡದು. ಆ ವೇಗದಲ್ಲಿ 12 ಜಿಬಿ ಹೋಗುವುದಕ್ಕೆ ಹೆಚ್ಚುಕಡಿಮೆ ಹದಿನಾಲ್ಕು ಗಂಟೆ ಬೇಕು. ಅದೂ ನಡುವೆ ಕರೆಂಟ್ ಹೋಗದಿದ್ದರೆ. ಹಾಗಾಗಿ ಪಿಎಸ್‌ಡಿ ಬೇಕು ಅಂದರೆ ದರವೂ ಬೇರೆ, ದಿನವೂ ಬೇರೆ ಅಂತ ಮೊದಲೇ ಹೇಳಿಬಿಡುತ್ತೇನೆ.

ಹೆಸರು: ಕ್ಲೈಂಟ್ ಕೋಡ್ ಮುಂದೆ, ನಿಮ್ಮ ಕಲ್ಪನೆ ಹಿಂದೆ

ಫೈಲಿನ ಹೆಸರು ಕ್ಲೈಂಟ್‌ನ ಕೋಡಿನಿಂದಲೇ ಶುರುವಾಗಬೇಕು. ಅವರ ಪಟ್ಟಿಯಲ್ಲಿ ಹಾಳೆ ತಟ್ಟೆಗೆ `HT-07` ಅಂತ ಇದ್ದರೆ ನೀವೂ `HT-07` ಅಂತಲೇ ಬರೆಯಬೇಕು. `ht7` ಅಲ್ಲ, `HT_7` ಅಲ್ಲ. ಅದರ ನಂತರ ಒಂದು ಅಡಿಗೆರೆ ಹಾಕಿ, ಯಾವ ನೋಟ ಅಂತ ಸೇರಿಸಿ.

```
HT-07_front.png
HT-07_top.png
HT-07_side.png
```

ಇಷ್ಟೇ. ನನ್ನ ಹೆಸರು, ತಾರೀಕು, `final` ಯಾವುದೂ ಇಲ್ಲ. ಕೋಡ್ ಮುಂದೆ ಇರುವುದರಿಂದ ಒಂದು ತಟ್ಟೆಯ ಮೂರು ಚಿತ್ರಗಳು ಫೋಲ್ಡರಿನಲ್ಲಿ ಒಟ್ಟಿಗೇ ಕೂರುತ್ತವೆ. ಸಂಖ್ಯೆಯ ಮುಂದಿನ ಸೊನ್ನೆಯನ್ನೂ ಬಿಡಬೇಡಿ. ಎಷ್ಟೋ ಕಡೆ ಹೆಸರುಗಳನ್ನು ಅಕ್ಷರ ಅಕ್ಷರ ನೋಡಿ ಜೋಡಿಸುತ್ತಾರೆ. ಅಲ್ಲಿ `HT-7` ಎನ್ನುವುದು `HT-10`ರ ನಂತರ ಬರುತ್ತದೆ.

ಹೆಸರಿನಲ್ಲಿ ಜಾಗ ಬಿಡಬೇಡಿ. ವೆಬ್ ವಿಳಾಸದಲ್ಲಿ ಖಾಲಿ ಜಾಗ `%20` ಆಗಿ ಕಾಣಿಸಿಕೊಳ್ಳುತ್ತದೆ. `\ / : * ? " < > |` ಇವನ್ನಂತೂ ವಿಂಡೋಸ್ ಒಪ್ಪುವುದೇ ಇಲ್ಲ. ಮ್ಯಾಕ್ ಬಳಸುವವರು ಇವುಗಳಲ್ಲಿ ಕೆಲವನ್ನು ಹಾಕಿಬಿಡುತ್ತಾರೆ. ಆಮೇಲೆ ವಿಂಡೋಸ್ ಇರುವ ಕ್ಲೈಂಟ್‌ಗೆ ಜಿಪ್ ಬಿಚ್ಚುವಾಗ ತಲೆನೋವು. ದೊಡ್ಡಕ್ಷರ, ಸಣ್ಣಕ್ಷರದಲ್ಲೂ ಒಂದು ಕಿತಾಪತಿ ಇದೆ. ವಿಂಡೋಸ್‌ಗೆ `HT-07_top.PNG` ಮತ್ತು `HT-07_top.png` ಎರಡೂ ಒಂದೇ. ವೆಬ್‌ಸೈಟುಗಳು ಸಾಮಾನ್ಯವಾಗಿ ಓಡುವ ಲಿನಕ್ಸ್ ಸರ್ವರಿಗೆ ಅವು ಬೇರೆ ಬೇರೆ ಫೈಲು. ನಿಮ್ಮ ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡ ಚಿತ್ರ ಅವರ ಸೈಟಿನಲ್ಲಿ ಕಾಣದೇ ಇರಬಹುದು. ಅದಕ್ಕೇ ಕೋಡ್ ಪಟ್ಟಿಯಲ್ಲಿ ಇದ್ದ ಹಾಗೆ, ಉಳಿದದ್ದೆಲ್ಲ ಸಣ್ಣಕ್ಷರ.

ಕನ್ನಡದಲ್ಲೇ ಹೆಸರು ಇಟ್ಟರೆ ಆಗಲ್ವಾ ಅಂತ ಒಬ್ಬ ಗೆಳೆಯ ಕೇಳಿದ್ದ. ಕಂಪ್ಯೂಟರ್ ಬೇಡ ಅನ್ನುವುದಿಲ್ಲ. ಆದರೆ ಕನ್ನಡದಲ್ಲಿ ಕೆಲವು ಪದಗಳ ನಡುವೆ, ಒತ್ತಕ್ಷರ ಕೂಡಿಕೊಳ್ಳದಿರಲಿ ಅಂತ, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಿರುತ್ತಾರೆ. ಅದು ಒಂದು ಕಡೆ ಇದ್ದು ಇನ್ನೊಂದು ಕಡೆ ತಪ್ಪಿಹೋಗಿದ್ದರೆ ಓದುವಾಗ ಗಮನಕ್ಕೇ ಬರದಿರಬಹುದು. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಹೆಸರು. ಹೋಗಲಿ, ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣ ಅಂದರೆ ಅದು ಇನ್ನೂ ಕಷ್ಟ. ಹಾಳೆ ತಟ್ಟೆಯನ್ನು ನಾನು `haale_tatte` ಅಂತ ಬರೆದರೆ ಕ್ಲೈಂಟ್ `hale_thatte` ಅಂತ ಹುಡುಕುತ್ತಾರೆ. ಕೋಡ್ ಇಟ್ಟರೆ ಈ ರಗಳೆಯೇ ಇಲ್ಲ.

ಮಾರ್ಚ್ ತಿಂಗಳಾದ ಮರದ ಸೌಟು

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಇಂಥದ್ದು ಒಮ್ಮೆ ತಪ್ಪಿಸಿಕೊಂಡರೆ ಪಟ್ಟಿಯೇ ಹಾಳಾಗುತ್ತದೆ.

ಕ್ಲೈಂಟ್ ಮರದ ಸಾಮಾನಿಗೆ ಇಟ್ಟಿದ್ದ ಕೋಡ್ `MAR-01`ರಿಂದ `MAR-12`. ಮರ ಅಂತ ಇಟ್ಟಿದ್ದು, ಸರಿಯಾಗಿಯೇ ಇದೆ. ಪಟ್ಟಿ ಬಂದಿದ್ದು ಸಿಎಸ್‌ವಿ ಫೈಲಿನಲ್ಲಿ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ, ಎಕ್ಸೆಲ್‌ನಲ್ಲಿ ತೆರೆಯಿತು. ಹಾಳೆ ತಟ್ಟೆ ಸರಿ, ಬುಟ್ಟಿ ಸರಿ. ಕೆಳಗೆ ಬಂದರೆ ಮರದ ಸೌಟಿನ ಎದುರು `01-Mar` ಅಂತ ಇದೆ. ಅದರ ಕೆಳಗೆ `02-Mar`. ಎಕ್ಸೆಲ್ ಅದನ್ನು ಮಾರ್ಚ್ ತಿಂಗಳ ತಾರೀಕು ಅಂದುಕೊಂಡಿತ್ತು. ಹಾಗೇ ಸೇವ್ ಮಾಡಿಬಿಟ್ಟಿದ್ದರೆ ಆ ಫೈಲಿನಲ್ಲಿ ಮೂಲ ಕೋಡ್ ಉಳಿಯುತ್ತಲೇ ಇರಲಿಲ್ಲ. ಬರೀ ಅಂಕಿಗಳ ಕೋಡ್ ಇದ್ದರೂ ಇದೇ ಗತಿ. `00451` ಇದ್ದದ್ದು `451` ಆಗುತ್ತದೆ.

ಸರಿ ಮಾಡುವುದು ಸುಲಭ. ಸಿಎಸ್‌ವಿಯನ್ನು ನೇರವಾಗಿ ತೆರೆಯಬೇಡಿ. ಎಕ್ಸೆಲ್‌ನಲ್ಲಿ ಖಾಲಿ ಹಾಳೆ ತೆರೆದು `Data` ಮೆನುವಿನಿಂದ ಆ ಫೈಲನ್ನು ಒಳಗೆ ತನ್ನಿ. ತರುವಾಗ ಕೋಡ್ ಇರುವ ಕಾಲಮ್ಮಿನ ಬಗೆಯನ್ನು `Text` ಅಂತ ಆರಿಸಿ. ಕೈಯಿಂದ ಅಂಟಿಸುವುದಾದರೆ, ಅಂಟಿಸುವ ಮೊದಲೇ ಆ ಕಾಲಮ್ಮನ್ನು `Text` ಮಾಡಿಕೊಳ್ಳಿ. ಅಂಟಿಸಿದ ಮೇಲೆ ಬದಲಿಸಿದರೆ ಪ್ರಯೋಜನ ಇಲ್ಲ. ಆಗ ತಾರೀಕಿನ ಬದಲು ಐದಂಕಿಯ ಯಾವುದೋ ಸಂಖ್ಯೆ ಕಾಣುತ್ತದೆ ಅಷ್ಟೇ.

ಯಾವ ಫಾರ್ಮ್ಯಾಟು, ಯಾಕೆ

ಕಟೌಟ್ ಅಂದರೆ ಹಿಂದಿನದ್ದು ಪಾರದರ್ಶಕ. ಅದನ್ನು ಉಳಿಸಿಕೊಳ್ಳುವ ಸಾಮಾನ್ಯ ಫಾರ್ಮ್ಯಾಟು ಪಿಎನ್‌ಜಿ. ಜೆಪಿಜಿಗೆ ಪಾರದರ್ಶಕತೆ ಗೊತ್ತೇ ಇಲ್ಲ, ಅಲ್ಲಿ ಖಾಲಿ ಜಾಗಕ್ಕೆ ಯಾವುದಾದರೂ ಬಣ್ಣ ತುಂಬಲೇಬೇಕು. ಆದರೂ ನಾನು ಎರಡನ್ನೂ ಕೊಡುತ್ತೇನೆ. ಬ್ಯಾನರು, ಪೋಸ್ಟರು ಮಾಡುವವರಿಗೆ ಪಿಎನ್‌ಜಿ. ಅಂಗಡಿಯ ಪುಟಕ್ಕೆ ಹಾಕುವವರಿಗೆ ಬಿಳಿ ಹಿನ್ನೆಲೆಯ ಜೆಪಿಜಿ. ಈ ಕೆಲಸದಲ್ಲಿ ಪಿಎನ್‌ಜಿ ಒಂದೊಂದೂ ಸುಮಾರು 3 ಎಂಬಿ, ಅದೇ ಚಿತ್ರದ ಜೆಪಿಜಿ ಅರ್ಧ ಎಂಬಿ. ಪುಟ ಬೇಗ ತೆರೆಯಬೇಕು ಅನ್ನುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಫೋಟೋಶಾಪಿನ `Export As` ಕಿಟಕಿಯಲ್ಲಿ ಪಿಎನ್‌ಜಿ ಆರಿಸಿದಾಗ `Smaller File (8-bit)` ಅಂತ ಒಂದು ಚೌಕ ಇರುತ್ತದೆ. ಫೈಲ್ ಸಣ್ಣದಾಗುತ್ತದಲ್ಲ ಅಂತ ಅದಕ್ಕೆ ಟಿಕ್ ಹಾಕಬೇಡಿ. ಆಗ ಇಡೀ ಚಿತ್ರಕ್ಕೆ 256 ಬಣ್ಣ ಮಾತ್ರ ಸಿಗುತ್ತದೆ. ಹಾಳೆ ತಟ್ಟೆಯ ತಿಳಿಗಂದು ಬಣ್ಣ ಒಂದು ಕಡೆಯಿಂದ ಇನ್ನೊಂದು ಕಡೆಗೆ ನಯವಾಗಿ ಸರಿಯುವ ಜಾಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣತೊಡಗುತ್ತದೆ. ಅದೇ ಕಿಟಕಿಯಲ್ಲಿ `Convert to sRGB` ಅಂತಲೂ ಇದೆ. ಅದಕ್ಕೆ ಮಾತ್ರ ಟಿಕ್ ಇರಲಿ. ಕ್ಯಾಮೆರಾದವರು ಅಡೋಬ್ ಆರ್‌ಜಿಬಿಯಲ್ಲಿ ತೆಗೆದುಕೊಟ್ಟಿದ್ದರೆ, ಬದಲಿಸದೇ ಕಳಿಸಿದ ಚಿತ್ರ ಎಷ್ಟೋ ಕಡೆ ಸಪ್ಪೆಯಾಗಿ ಕಾಣುತ್ತದೆ. ಆಮೇಲೆ "ತಟ್ಟೆ ಹಳೇದಾ?" ಅಂತ ಕೇಳುತ್ತಾರೆ.

ಅಚ್ಚಿನವರ ಲೆಕ್ಕ ಬೇರೆ. ಪಿಎನ್‌ಜಿಯಲ್ಲಿ ಸಿಎಂವೈಕೆ ಇರುವುದಿಲ್ಲ. ಕ್ಯಾಟಲಾಗ್ ಅಚ್ಚು ಹಾಕಿಸುವುದಾದರೆ ಟಿಫ್ ಅಥವಾ ಪಿಎಸ್‌ಡಿ ಕೇಳುತ್ತಾರೆ, ಕೆಲವರು ಕ್ಲಿಪಿಂಗ್ ಪಾತ್ ಕೇಳುತ್ತಾರೆ. ಪೆನ್ ಟೂಲಿನಿಂದ ಎಳೆದ ಗೆರೆಯ ಹೆಸರು `Work Path` ಅಂತಲೇ ಇದ್ದರೆ ಅದು ತಾತ್ಕಾಲಿಕ. ಇನ್ನೊಂದು ಎಳೆದ ಕೂಡಲೇ ಹಳೆಯದು ಹೋಗುತ್ತದೆ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಹೆಸರು ಕೊಟ್ಟರೆ ಉಳಿಯುತ್ತದೆ. 300 ಡಿಪಿಐ ಬೇಕು ಅಂದವರನ್ನು ಎಷ್ಟು ಸೆಂಟಿಮೀಟರ್ ಅಂತಲೂ ಕೇಳಿ. 10 ಸೆಂಟಿಮೀಟರಿಗೆ 1181 ಪಿಕ್ಸೆಲ್ ಬೇಕು. ಸೆಂಟಿಮೀಟರ್ ಹೇಳದೆ ಡಿಪಿಐ ಮಾತ್ರ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ.

ಅಳತೆಗೆ ಬಂದರೆ, ಇಲ್ಲಿ ಒಪ್ಪಿಕೊಂಡದ್ದು 2000 × 2000 ಪಿಕ್ಸೆಲ್ ಚೌಕ. ಅದರಲ್ಲಿ ಸಾಮಾನಿನ ಉದ್ದದ ಬದಿ 1700 ಪಿಕ್ಸೆಲ್, ಅಂದರೆ ಚೌಕದ ಶೇ 85. ಎರಡೂ ಕಡೆ 150 ಪಿಕ್ಸೆಲ್ ಖಾಲಿ. ಒಂದು ಮಾತು ಕೇಳದೇ ಇದ್ದರೆ ಇಲ್ಲೂ ಎಡವಟ್ಟಾಗುತ್ತದೆ. 6 ಅಂಗುಲದ ತಟ್ಟೆ, 12 ಅಂಗುಲದ ತಟ್ಟೆ ಎರಡನ್ನೂ 1700 ಪಿಕ್ಸೆಲಿಗೆ ಹಿಗ್ಗಿಸಿದರೆ ಎರಡೂ ಒಂದೇ ಗಾತ್ರದವು ಅನ್ನಿಸುತ್ತವೆ. ಒಬ್ಬರಿಗೆ ಅದೇ ಬೇಕು, ಇನ್ನೊಬ್ಬರಿಗೆ ಚಿಕ್ಕದು ಚಿಕ್ಕದಾಗಿಯೇ ಕಾಣಬೇಕು. ನನ್ನ ಕ್ಲೈಂಟ್ ಎಲ್ಲ ಒಂದೇ ಇರಲಿ ಅಂದರು. ಅದನ್ನು ಮೇಲ್‌ನಲ್ಲಿ ಬರೆಸಿಕೊಂಡೆ.

ಹೊರಗೆ ತೆಗೆಯುವ ಮೊದಲು ಅಂಚು ನೋಡಿ

ಫೋಟೋಗಳನ್ನು ತೆಗೆದದ್ದು ಬಿಳಿ ಗೋಡೆಯ ಮುಂದೆ. ಸಾಮಾನಿನ ಅಂಚಿನ ಪಿಕ್ಸೆಲಿನಲ್ಲಿ ಗೋಡೆಯ ಬಿಳಿಯೂ ಒಂದಿಷ್ಟು ಬೆರೆತಿರುತ್ತದೆ. ಬಿಳಿ ಜೆಪಿಜಿಯಲ್ಲಿ ಅದು ಕಾಣುವುದೇ ಇಲ್ಲ. ಅದೇ ಪಿಎನ್‌ಜಿಯನ್ನು ಕ್ಲೈಂಟ್ ದೀಪಾವಳಿಗೆ ಕಡುಗೆಂಪು ಬ್ಯಾನರಿನ ಮೇಲೆ ಇಟ್ಟ ಕೂಡಲೇ ಬುಟ್ಟಿಯ ಸುತ್ತ ಸುಣ್ಣದ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಹಾಗಾಗಿ ಬ್ಯಾನರಿಗೆ ಮುಂಚೆ ನೀವೇ ನೋಡಿ. ಕೆಳಗೆ ಒಂದು ಕಡುಗೆಂಪು ಲೇಯರ್ ಹಾಕಿ, ಚಿತ್ರವನ್ನು ನೂರು ಪರ್ಸೆಂಟಿಗೆ ಹಿಗ್ಗಿಸಿ ಅಂಚಿನ ಸುತ್ತ ಒಂದು ಸುತ್ತು ಬನ್ನಿ. ಬುಟ್ಟಿಯಾದರೆ ಹೆಣಿಗೆಯ ತೂತುಗಳನ್ನೂ ನೋಡಿ. `BB-09`ರಲ್ಲಿ ಹಿಡಿಕೆಯ ಬುಡದಲ್ಲಿ ಅಕ್ಕಿಕಾಳಿನಷ್ಟು ಮೂರು ತೂತು ಬಿಟ್ಟುಹೋಗಿತ್ತು. ಬಿಳಿಯ ಮೇಲೆ ಬಿಳಿ, ಎರಡು ಸಲ ನೋಡಿದರೂ ಸಿಕ್ಕಿರಲಿಲ್ಲ. ಕೆಂಪು ಹಾಕಿದ ಕ್ಷಣ ಮೂರೂ ಹಲ್ಲು ಕಿರಿದವು.

ಗೆರೆ ತೆಳ್ಳಗಿದ್ದರೆ ಮಾಸ್ಕನ್ನು ಒಂದು ಪಿಕ್ಸೆಲ್ ಒಳಗೆ ಎಳೆದರೆ ಸಾಕು. ಮಾಸ್ಕ್ ಇಲ್ಲದ ಲೇಯರಿಗೆ `Layer > Matting > Defringe` ಇದೆ.

ಇನ್ನೊಂದು ಕಳ್ಳ ಇದೆ. ಅಳಿಸುವಾಗ ಮೂಲೆಯಲ್ಲಿ ಉಳಿದುಹೋದ ಒಂದೋ ಎರಡೋ ಪಿಕ್ಸೆಲ್. ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಹಿಡಿಯಲು ಫೈಲಿನ ಒಂದು ನಕಲಿನಲ್ಲಿ ಬೇರೆ ಲೇಯರುಗಳನ್ನೆಲ್ಲ ಮರೆಮಾಡಿ, `Image > Trim` ಕೊಟ್ಟು `Transparent Pixels` ಆರಿಸಿ. ಚೌಕಟ್ಟು ಸಾಮಾನಿನ ಅಂಚಿಗೆ ಅಂಟಿಕೊಂಡರೆ ಕ್ಲೀನ್ ಇದೆ ಅಂತ ಅರ್ಥ. ಒಂದು ಕಡೆ ದೊಡ್ಡ ಖಾಲಿ ಜಾಗ ಉಳಿದರೆ ಆ ದಿಕ್ಕಿನಲ್ಲಿ ಏನೋ ಚೂರು ಇದೆ.

ಬಿಳಿ ಜೆಪಿಜಿಗೂ ಒಂದು ಪರೀಕ್ಷೆ ಉಂಟು. ಹಿನ್ನೆಲೆ ಅಪ್ಪಟ ಬಿಳಿ ಆಗಿರಬೇಕು, ಅಂದರೆ ಮೂರೂ ಬಣ್ಣದ ಸಂಖ್ಯೆ 255. ಒಂದು `Levels` ಲೇಯರ್ ಹಾಕಿ ಕಪ್ಪಿನ ಸ್ಲೈಡರನ್ನು 250ರವರೆಗೆ ಎಳೆಯಿರಿ. ಬಿಳಿ ಅಲ್ಲದ ಜಾಗ ಎಲ್ಲಾ ಕಪ್ಪಗೋ, ಬೂದು ಬಣ್ಣಕ್ಕೋ, ಬೇರೆ ಬಣ್ಣಕ್ಕೋ ತಿರುಗಿ ಎದ್ದು ಕಾಣುತ್ತದೆ. ನೋಡಿಕೊಂಡು ಆ ಲೇಯರನ್ನು ಅಳಿಸುವುದನ್ನು ಮರೆಯಬೇಡಿ. ನಾನು ಒಮ್ಮೆ ಮರೆತಿದ್ದೆ, ಅದನ್ನು ಹೇಳಿಕೊಳ್ಳುವುದು ಬೇಡ.

ಫೋಲ್ಡರ್

```
catalog_2025-07-14/
  01_png/
  02_jpg_white/
  03_psd/
  list.xlsx
```

ಸಾಮಾನಿಗೊಂದು ಫೋಲ್ಡರ್ ಮಾಡಬೇಡಿ. 46 ಫೋಲ್ಡರ್ ತೆರೆದು ಮುಚ್ಚುವ ಕೆಲಸ ಕ್ಲೈಂಟ್ ತಲೆಗೆ ಬರುತ್ತದೆ. ಸೈಟಿಗೆ ಹಾಕುವವರು ಜೆಪಿಜಿ ಎಲ್ಲವನ್ನೂ ಒಟ್ಟಿಗೆ ಆರಿಸಿ ಎಳೆದು ಹಾಕುತ್ತಾರೆ. ಅವರಿಗೆ ಪಿಎನ್‌ಜಿ ಬೇಡ. ಡಿಸೈನರಿಗೆ ಜೆಪಿಜಿ ಬೇಡ. ಹಾಗಾಗಿ ಫಾರ್ಮ್ಯಾಟಿಗೊಂದು ಫೋಲ್ಡರ್. ಮೂರು ಕಡೆಯೂ ಒಂದು ಚಿತ್ರಕ್ಕೆ ಹೆಸರು ಒಂದೇ, ಕೊನೆಯ ಮೂರಕ್ಷರ ಮಾತ್ರ ಬೇರೆ. ತಾರೀಕನ್ನು ವರ್ಷ, ತಿಂಗಳು, ದಿನ ಅಂತ ಬರೆದರೆ ಹಳೆಯದು ಮೇಲೆ, ಹೊಸದು ಕೆಳಗೆ ತಾನಾಗಿಯೇ ಜೋಡಣೆಯಾಗುತ್ತದೆ.

ಪಿಎಸ್‌ಡಿ ಕೊಡುವುದಾದರೆ ಒಳಗೂ ಸ್ವಲ್ಪ ಗುಡಿಸಿ ಕೊಡಿ. ಮೂಲ ಫೋಟೋ ಮಾಸ್ಕಿನ ಸಮೇತ ಇರಲಿ, ಅಳಿಸಿ ಕತ್ತರಿಸಿದ್ದಲ್ಲ. ನೆರಳು ಬೇರೆ ಲೇಯರಿನಲ್ಲಿ ಇರಲಿ. ಪರೀಕ್ಷೆಗೆ ಹಾಕಿದ ಕೆಂಪು ಲೇಯರ್ ಇರದಿರಲಿ.

ಎಣಿಕೆ

ಇದು ಹತ್ತು ನಿಮಿಷದ ಕೆಲಸ, ಇದೊಂದನ್ನು ಬಿಡಲೇಬೇಡಿ. ಮೊದಲು ವಿಂಡೋಸ್‌ನಲ್ಲಿ `View > Show > File name extensions` ಆನ್ ಮಾಡಿ. ಸಾಮಾನ್ಯವಾಗಿ ವಿಂಡೋಸ್ ಕೊನೆಯ ಮೂರಕ್ಷರವನ್ನು ಬಚ್ಚಿಡುತ್ತದೆ. ಹಾಗಾಗಿ ನೀವು ಕೈಯಿಂದ `.png` ಸೇರಿಸಿದ್ದು ನಿಜದಲ್ಲಿ `HT-07_top.png.png` ಆಗಿರಬಹುದು.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆರೆದು, ದೊಡ್ಡ ಫೋಲ್ಡರಿನ ಒಳಗೆ ಹೋಗಿ ಇದನ್ನು ಕೊಡಿ:

```
dir /b 01_png > png.txt
```

ಪಿಎನ್‌ಜಿ ಫೋಲ್ಡರಿನಲ್ಲಿರುವ ಎಲ್ಲ ಹೆಸರುಗಳೂ ಒಂದು ಪಠ್ಯ ಫೈಲಿಗೆ ಬರುತ್ತವೆ. ಅದನ್ನು ನಕಲು ಮಾಡಿ `list.xlsx`ನ ಡಿ ಕಾಲಮ್ಮಿನಲ್ಲಿ ಅಂಟಿಸಿ. ಸಿ ಕಾಲಮ್ಮಿನಲ್ಲಿ ಇರಬೇಕಾದ ಹೆಸರುಗಳು ಇರಲಿ. ಎ ಕಾಲಮ್ಮಿನ ಕೋಡಿಗೆ ನೋಟ ಸೇರಿಸಿದರೆ ಅವು ಸಿಗುತ್ತವೆ. ಬಿ ಕಾಲಮ್ಮಿನಲ್ಲಿ ನೋಟದ ಹೆಸರು, ಒಂದು ಕೋಡಿಗೆ ಮೂರು ಸಾಲು:

```
C2:  =A2&"_"&B2&".png"
E2:  =COUNTIF(D:D,C2)
```

ಇವನ್ನು 138 ಸಾಲಿಗೂ ಎಳೆಯಿರಿ. ಇ ಕಾಲಮ್ಮಿನಲ್ಲಿ ಎಲ್ಲಾ ಕಡೆ 1 ಬಂದರೆ ಸರಿ. ಸೊನ್ನೆ ಬಂದ ಕಡೆ ಆ ಹೆಸರಿನ ಫೈಲು ಇಲ್ಲ ಅಂತ ಅರ್ಥ. ಈ ಲೆಕ್ಕ ದೊಡ್ಡಕ್ಷರ, ಸಣ್ಣಕ್ಷರವನ್ನು ಬೇರೆ ಮಾಡಿ ನೋಡುವುದಿಲ್ಲ, ಅದೊಂದನ್ನು ಕಣ್ಣಿನಲ್ಲೇ ನೋಡಿಕೊಳ್ಳಬೇಕು.

ನನ್ನ ಈ ಕೆಲಸದಲ್ಲಿ ಫೋಲ್ಡರಿನಲ್ಲಿ ಸರಿಯಾಗಿ 138 ಫೈಲು ಇದ್ದವು. ಅಷ್ಟಕ್ಕೇ ಖುಷಿಪಟ್ಟು ಕಳಿಸಬಹುದಿತ್ತು. ಆದರೆ ಇ ಕಾಲಮ್ಮಿನಲ್ಲಿ ಎರಡು ಕಡೆ ಸೊನ್ನೆ. `BB-04_side.png` ಇಲ್ಲ, `MAR-11_top.png` ಇಲ್ಲ. ಹುಡುಕಿದರೆ `MAR-11_top copy.png` ಅಂತ ಒಂದು ಸಿಕ್ಕಿತು. ಫೋಟೋಶಾಪಿನ ಈಚಿನ ಆವೃತ್ತಿಗಳಲ್ಲಿ `Save a Copy` ಕೊಟ್ಟರೆ ಹೆಸರಿನ ಹಿಂದೆ ತಾನಾಗಿಯೇ `copy` ಸೇರಿಕೊಳ್ಳುತ್ತದೆ. ಅದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು, ನಾನು ನಿಲ್ಲಿಸಿರಲಿಲ್ಲ. ಬುಟ್ಟಿಯದ್ದು ಬೇರೆ ಕತೆ. `BB-40_side.png` ಅಂತ ಟೈಪ್ ಮಾಡಿದ್ದೆ. ನಲವತ್ತನೇ ಬುಟ್ಟಿಯೇ ಇಲ್ಲ. ಸಂಖ್ಯೆ ಎಣಿಸಿದರೆ ಇಂಥದ್ದು ಸಿಗುವುದಿಲ್ಲ, ಹೆಸರು ಹೋಲಿಸಿದರೆ ಮಾತ್ರ ಸಿಗುತ್ತದೆ.

ಜೆಪಿಜಿ ಫೋಲ್ಡರಿಗೂ ಹೀಗೇ ಒಂದು ಸಲ.

ಕಳಿಸುವುದು

ಫೋಲ್ಡರಿಗೊಂದು ಜಿಪ್ ಮಾಡಿ. ಪಿಎನ್‌ಜಿ, ಜೆಪಿಜಿ ಎರಡೂ ಮೊದಲೇ ಒತ್ತಿ ಕುಗ್ಗಿಸಿದ ಫೈಲುಗಳು, ಜಿಪ್‌ನಿಂದ ಇನ್ನೇನೂ ಸಣ್ಣದಾಗುವುದಿಲ್ಲ. ಒಂದು ಫೋಲ್ಡರಿನದ್ದೆಲ್ಲ ಒಂದೇ ಗಂಟಿನಲ್ಲಿ ಹೋಗಲಿ ಅಂತ ಅಷ್ಟೇ. ಮೂರು ಬೇರೆ ಬೇರೆ ಗಂಟು ಯಾಕೆ ಅಂದರೆ, ಕರೆಂಟ್ ಹೋದಾಗ ಪಿಎಸ್‌ಡಿ ಗಂಟು ಮಾತ್ರ ಮತ್ತೆ ಕಳಿಸಿದರೆ ಸಾಕು. ಮೊದಲು ಜೆಪಿಜಿ ಹಾಕುತ್ತೇನೆ. 70 ಎಂಬಿಯ ಆಸುಪಾಸು, ಬೇಗ ಹೋಗುತ್ತದೆ, ಕ್ಲೈಂಟ್ ಕೆಲಸ ಶುರು ಮಾಡಬಹುದು. ಆಮೇಲೆ ಪಿಎನ್‌ಜಿ. ಪಿಎಸ್‌ಡಿಯನ್ನು ರಾತ್ರಿ ಹಾಕಿ ಮಲಗುತ್ತೇನೆ. ಗೂಗಲ್ ಡ್ರೈವಿನ ಉಚಿತ ಜಾಗ 15 ಜಿಬಿ, ಅದರಲ್ಲೇ ನಿಮ್ಮ ಮೇಲ್ ಕೂಡ ಸೇರಿದೆ. 12 ಜಿಬಿ ಹಾಕುವ ಮೊದಲು ಜಾಗ ಇದೆಯಾ ನೋಡಿಕೊಳ್ಳಿ.

ಜಿಪ್ ಮಾಡಿದ ಮೇಲೆ ಅದನ್ನು ಬೇರೆ ಫೋಲ್ಡರಿನಲ್ಲಿ ಬಿಚ್ಚಿ ನಾಲ್ಕು ಚಿತ್ರ ತೆರೆದು ನೋಡಿ. ಲಿಂಕನ್ನು ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಒಮ್ಮೆ ತೆರೆಯಿರಿ. ಅನುಮತಿ ಕೇಳಿದರೆ ಕ್ಲೈಂಟ್‌ಗೂ ಕೇಳುತ್ತದೆ.

ವಾಟ್ಸ್ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ. ಅದು ಚಿತ್ರವನ್ನು ಕುಗ್ಗಿಸುತ್ತದೆ, ಪಾರದರ್ಶಕ ಜಾಗವೂ ಹೋಗುತ್ತದೆ. ಅರ್ಜೆಂಟಿಗೆ ಒಂದು ಕಳಿಸಲೇಬೇಕು ಅಂದರೆ ಡಾಕ್ಯುಮೆಂಟ್ ಅಂತ ಲಗತ್ತಿಸಿ.

ಲಿಂಕಿನ ಜೊತೆ ಹೋಗುವ ನನ್ನ ಮೇಲ್ ಹೀಗಿರುತ್ತದೆ:

"ಮೇಡಂ, 46 ಸಾಮಾನು, ತಲಾ 3 ನೋಟ, ಒಟ್ಟು 138 ಚಿತ್ರ. ಪಾರದರ್ಶಕ ಪಿಎನ್‌ಜಿ ಮತ್ತು ಬಿಳಿ ಹಿನ್ನೆಲೆಯ ಜೆಪಿಜಿ, ಎರಡೂ 2000 × 2000, ಎಸ್‌ಆರ್‌ಜಿಬಿ. ಪಿಎಸ್‌ಡಿ ನಾಳೆ ಬೆಳಿಗ್ಗೆ ಇದೇ ಲಿಂಕಿನಲ್ಲಿ ಸಿಗುತ್ತದೆ. ಹೆಸರುಗಳು ನಿಮ್ಮ ಪಟ್ಟಿಯ ಕೋಡಿನಂತೆಯೇ ಇವೆ. ಮೂಲ ಫೋಟೋದಲ್ಲೇ `HT-16`ರ ಅಂಚು ಸ್ವಲ್ಪ ಸೀಳಿತ್ತು, ಹಾಗೇ ಬಿಟ್ಟಿದ್ದೇನೆ. ತಿದ್ದಬೇಕಾದರೆ ಕೋಡ್ ಮತ್ತು ನೋಟ ಬರೆದು ತಿಳಿಸಿ. ಫೈಲುಗಳನ್ನು ಆರು ತಿಂಗಳು ನನ್ನ ಬಳಿ ಇಟ್ಟುಕೊಂಡಿರುತ್ತೇನೆ."

ತಿದ್ದುಪಡಿ ಬಂದಾಗ

ಮೂರನೇ ದಿನ ಐದು ಚಿತ್ರ ವಾಪಸ್ ಬಂದವು. ಮರಿಗೆಯ ನೆರಳು ಜಾಸ್ತಿ ಆಯಿತು, ಎರಡು ತಟ್ಟೆ ಓರೆಯಾಗಿವೆ, ಇಂಥವು. ಇಲ್ಲಿ ತುಂಬಾ ಜನ ಹೆಸರಿನ ಹಿಂದೆ `_v2` ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. ಕ್ಲೈಂಟ್‌ನ ಸೈಟು ಹೆಸರು ನೋಡಿಯೇ ಚಿತ್ರವನ್ನು ಸಾಮಾನಿಗೆ ಜೋಡಿಸುತ್ತದೆ. `MAR-09_front_v2.jpg` ಅಂದರೆ ಅದಕ್ಕೆ ಗುರುತೇ ಸಿಗುವುದಿಲ್ಲ. ಹಳೆಯ ಚಿತ್ರವೇ ಸೈಟಿನಲ್ಲಿ ಉಳಿಯುತ್ತದೆ. ಹೆಸರು ಅದೇ ಇದ್ದರೆ ಹೊಸದು ಹಳೆಯದರ ಜಾಗದಲ್ಲಿ ಕೂರುತ್ತದೆ. ಆವೃತ್ತಿಯನ್ನು ಫೋಲ್ಡರ್ ಹೇಳಲಿ:

```
catalog_2025-07-17_R2/
  01_png/
  02_jpg_white/
```

ಒಳಗೆ ಐದು ಚಿತ್ರ ಮಾತ್ರ. 138ನ್ನೂ ಮತ್ತೆ ಕಳಿಸಿದರೆ ಯಾವುದು ಬದಲಾಗಿದೆ ಅಂತ ಅವರು ಹುಡುಕಬೇಕು. ಮೇಲ್‌ನಲ್ಲಿ ಐದೂ ಹೆಸರು, ಒಂದೊಂದರ ಎದುರು ಏನು ಬದಲಾಯಿತು ಅಂತ ಒಂದು ಸಾಲು. ನನ್ನ ಕಡೆ ಹಳೆಯ ಐದನ್ನು ಅಳಿಸದೇ `R1` ಅಂತ ಪಕ್ಕಕ್ಕಿಟ್ಟೆ. ಆ ಮರಿಗೆಯ ಹಳೆಯ ನೆರಳೇ ಚೆನ್ನಾಗಿತ್ತು ಅಂತ ಎರಡು ವಾರ ಬಿಟ್ಟು ಮತ್ತೆ ಮೇಲ್ ಬಂತು.